ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತು ಸಾಕಾ, ಹೊರಗಿನ ಡ್ಯಾಕ್ ಬೇಕಾ? ಮನೆಯಲ್ಲೇ ಪರೀಕ್ಷೆ ಮಾಡಿ ಕೊಳ್ಳುವ ಬಗೆ

ಹೋದ ಬೇಸಿಗೆಯಲ್ಲಿ ಮಂಡ್ಯದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಪಿಟೀಲು ಕಲಿಯುತ್ತಿದ್ದಾನೆ. ದಿನಾ ರಾತ್ರಿ ಲ್ಯಾಪ್‌ಟಾಪಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎರಡು ಗಂಟೆ ಕಛೇರಿ ಕೇಳುತ್ತಾನೆ. ನಾನು ಚೀಲ ಇಡುವಷ್ಟರಲ್ಲೇ ಶುರು ಮಾಡಿದ. "ಮಾವ, ಇದೇ ಇಯರ್‌ಫೋನು ಅಮ್ಮನ ಹಳೇ ಫೋನಲ್ಲಿ ಚೆನ್ನಾಗಿ ಕೇಳ್ಸುತ್ತೆ. ಲ್ಯಾಪ್‌ಟಾಪಲ್ಲಿ ಪಿಟೀಲಿನ ಮೇಲೆ ಕಂಬಳಿ ಹೊದಿಸ್ದಂಗಿರುತ್ತೆ. ಚಾರ್ಜರ್ ಹಾಕಿದ್ರೆ ಗುಂಯ್ ಅನ್ನುತ್ತೆ. ಹನ್ನೆರಡು ಸಾವಿರದ್ದೊಂದು ಡ್ಯಾಕ್ ನೋಡಿಟ್ಟಿದ್ದೀನಿ, ತಗೊಳ್ಲಾ?"

ಎರಡು ದಿನ ತಡೆದುಕೋ ಅಂದೆ. ಆ ಎರಡು ದಿನದಲ್ಲಿ ನಾವು ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಬೇಕಾದ್ದು ಒಂದು ಮಲ್ಟಿಮೀಟರ್, ಎರಡು ರೂಪಾಯಿಯ ಒಂದು ರೆಸಿಸ್ಟರ್, ಕತ್ತರಿಸಲು ಒಂದು ಹಳೇ ಆಕ್ಸ್ ಕೇಬಲ್, ಅಷ್ಟೇ.

ಮೊದಲು ಇದು ಗೊತ್ತಿರಲಿ

ಡ್ಯಾಕ್ ಅಂದರೆ ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ವಿದ್ಯುತ್ ಅಲೆಯಾಗಿ ಬದಲಿಸುವ ಚಿಪ್. ಅದು ನಿಮ್ಮ ಲ್ಯಾಪ್‌ಟಾಪಿನ ಒಳಗೆ ಈಗಾಗಲೇ ಇದೆ. ಇಲ್ಲದಿದ್ದರೆ ಆ ತೂತಿನಿಂದ ಸದ್ದೇ ಬರುತ್ತಿರಲಿಲ್ಲ ಅಲ್ವಾ? ಹೊರಗಿನ ಡ್ಯಾಕ್ ಅಂತ ನಾವು ಕೊಳ್ಳುವ ಪೆಟ್ಟಿಗೆಯಲ್ಲಿ ಇರುವುದು ಎರಡು ವಸ್ತು. ಬದಲಿಸುವ ಚಿಪ್ ಒಂದು, ಹೆಡ್‌ಫೋನನ್ನು ದುಡಿಸುವ ಸಣ್ಣ ಆಂಪ್ಲಿಫೈಯರ್ ಇನ್ನೊಂದು. ಕಿವಿಗೆ ಗೊತ್ತಾಗುವ ವ್ಯತ್ಯಾಸ ಹೆಚ್ಚಾಗಿ ಈ ಎರಡನೆಯದರಿಂದ ಬರುತ್ತದೆ, ಜನ ಮಾತಾಡುವುದು ಮಾತ್ರ ಮೊದಲನೆಯದರ ಬಗ್ಗೆ.

ಲ್ಯಾಪ್‌ಟಾಪಿನ ತೂತು ಕೈಕೊಡುವುದು ಮೂರು ಕಡೆ. ಒಳಗಿನ ಗಲಾಟೆ ಸಂಗೀತದ ಜೊತೆ ಸೇರಿಕೊಳ್ಳಬಹುದು. ಅದರ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ತೂತಿನ ಒಳಗೇ ಇರುವ ವಿದ್ಯುತ್ ತಡೆ, ಜಾಸ್ತಿ ಇದ್ದು ಕೆಲವು ಇಯರ್‌ಫೋನಿನ ನಾದವೇ ಬದಲಾಗಬಹುದು. ಇಲ್ಲವೇ ದೊಡ್ಡ ಹೆಡ್‌ಫೋನಿಗೆ ವೋಲ್ಟೇಜ್ ಸಾಲದೆ ಹೋಗಬಹುದು. ಈ ಮೂರರಲ್ಲಿ ಒಂದೂ ನಿಮಗಿಲ್ಲದಿದ್ದರೆ ಎಷ್ಟು ದುಡ್ಡಿನ ಡ್ಯಾಕ್ ತಂದರೂ ಕೇಳುವುದರಲ್ಲಿ ವ್ಯತ್ಯಾಸವಾಗುವುದಿಲ್ಲ ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಕೇಳುವುದು ಬ್ಲೂಟೂತ್ ಇಯರ್‌ಬಡ್‌ನಲ್ಲಾದರೆ ಡ್ಯಾಕ್ ಇಯರ್‌ಬಡ್‌ನ ಒಳಗೇ ಇರುತ್ತದೆ. ಲ್ಯಾಪ್‌ಟಾಪಿಗೆ ಇನ್ನೊಂದು ತಂದರೆ ಅದು ಸುಮ್ನೆ ಕೂತಿರುತ್ತದೆ.

ಹಂತ 1: ಗಲಾಟೆ ಎಲ್ಲಿಂದ ಬರುತ್ತಿದೆ?

ಫ್ಯಾನ್ ಆಫ್ ಮಾಡಿ. ಮಂಡ್ಯದ ಬೇಸಿಗೆಯಲ್ಲಿ ಇದು ಕಷ್ಟದ ಮಾತು, ಆದರೆ ಫ್ಯಾನ್ ತಿರುಗುತ್ತಿರುವಾಗ ಸಣ್ಣ ಹಿಸ್ ಸದ್ದು ಇದ್ದರೂ ಅದರಲ್ಲಿ ಮುಚ್ಚಿಹೋಗುತ್ತದೆ. ನೀವು ಯಾವಾಗಲೂ ಫ್ಯಾನ್ ಹಾಕಿಕೊಂಡೇ ಕೇಳುವವರಾದರೆ, ಫ್ಯಾನಿನ ಕೆಳಗೆ ಕೇಳಿಸದ ಹಿಸ್‌ಗೆ ದುಡ್ಡು ಹಾಕಬೇಕಾ ಅಂತ ಕೂಡ ಯೋಚಿಸಿ.

ಹಾಡನ್ನು ನಡುವೆ ನಿಲ್ಲಿಸಿ ಪರೀಕ್ಷೆ ಮಾಡಬೇಡಿ. ನಿಲ್ಲಿಸಿದ ಕೆಲವು ಸೆಕೆಂಡಿಗೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಸೌಂಡ್ ಚಿಪ್ ಮಲಗಿಬಿಡುತ್ತದೆ, ಆಗ ಗಲಾಟೆ ಇದ್ದರೂ ಕೇಳುವುದಿಲ್ಲ. ಅದರ ಬದಲು ffmpeg ಅನ್ನುವ ಸಾಫ್ಟ್‌ವೇರಿನ ಈ ಕೆಳಗಿನ ಕಮಾಂಡಿನಿಂದ ಏನೂ ಸದ್ದಿಲ್ಲದ ಒಂದು ಫೈಲ್ ಮಾಡಿಕೊಂಡು ಅದನ್ನು ಪ್ಲೇ ಮಾಡಿ. ಚಿಪ್ ಎಚ್ಚರವಾಗಿರುತ್ತದೆ, ಸಂಗೀತ ಮಾತ್ರ ಇರುವುದಿಲ್ಲ.

```
ffmpeg -f lavfi -i anullsrc=r=44100:cl=stereo -t 60 silence.wav
```

ಇದು ಓಡುತ್ತಿರುವಾಗ ವಾಲ್ಯೂಮನ್ನು ನೀವು ದಿನಾ ಇಡುವಷ್ಟೇ ಇಟ್ಟು ಕಿವಿಗೊಡಿ. ಮೌಸ್ ಅಲ್ಲಾಡಿಸಿ. ದೊಡ್ಡ ಫೈಲ್ ಒಂದನ್ನು ಕಾಪಿಗೆ ಹಾಕಿ. ಚಾರ್ಜರ್ ತೆಗೆದು ನೋಡಿ, ಮತ್ತೆ ಹಾಕಿ ನೋಡಿ. ಮೌಸ್ ಜೊತೆಗೆ, ಕಾಪಿ ಜೊತೆಗೆ ಕಿರಕಿರ ಬದಲಾದರೆ ಅದು ಲ್ಯಾಪ್‌ಟಾಪಿನ ಒಳಗಿನ ಗಲಾಟೆ. ಇದಕ್ಕೆ ಹೊರಗಿನ ಡ್ಯಾಕ್ ನಿಜವಾದ ಮದ್ದು, ಯಾಕೆಂದರೆ ಸೂಕ್ಷ್ಮ ಕೆಲಸವೆಲ್ಲ ಆ ಬೋರ್ಡಿನಿಂದ ಆಚೆ ಬಂದು ನಡೆಯುತ್ತದೆ.

ಚಾರ್ಜರ್ ಹಾಕಿದಾಗ ಮಾತ್ರ ಸದ್ದು ಬಂದರೆ ಮೊದಲು ಪ್ಲಗ್ ನೋಡಿ. ನಮ್ಮ ಹುಡುಗ ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಕನ್ವರ್ಟರ್ ಮೂಲಕ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದ. ಅಂದರೆ ಅರ್ಥಿಂಗ್ ಇಲ್ಲವೇ ಇಲ್ಲ. ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಬೆರಳ ಹಿಂಬದಿಯನ್ನು ಮೆಲ್ಲಗೆ ಸವರಿದರೆ ಜುಮ್ ಅನ್ನುತ್ತಿತ್ತು. ಚಾರ್ಜರನ್ನು ಅರ್ಥಿಂಗ್ ಸರಿಯಾಗಿರುವ ಗೋಡೆಯ ಮೂರು ಪಿನ್ ಸಾಕೆಟ್ಟಿಗೆ ಹಾಕಿದ್ದೇ ಜುಮ್ ಹೋಯಿತು, ಗುಂಯ್ ಮುಕ್ಕಾಲು ಪಾಲು ಹೋಯಿತು. ಒಂದು ಪೈಸೆ ಖರ್ಚಿಲ್ಲ. ಉಳಿದ ಕಾಲು ಪಾಲು ಮೌಸ್ ಜೊತೆ ಕುಣಿಯುತ್ತಿದ್ದ ಕಿರಕಿರ, ಅದು ಬೋರ್ಡಿನದೇ.

ಹಳೇ ರೆಕಾರ್ಡಿಂಗಿನಲ್ಲೇ ಇರುವ ಸದ್ದನ್ನು ಲ್ಯಾಪ್‌ಟಾಪಿನ ತಲೆಗೆ ಕಟ್ಟಬೇಡಿ. ನಮ್ಮ ಮೈಸೂರಿನ ಪಿಟೀಲು ಚೌಡಯ್ಯನವರು ತೀರಿಕೊಂಡದ್ದು 1967ರಲ್ಲಿ. ಅವರ ಏಳು ತಂತಿಯ ಪಿಟೀಲಿನ ಹಳೇ ಧ್ವನಿಮುದ್ರಣ ಹಾಕಿದರೆ ಹಿನ್ನೆಲೆಯಲ್ಲಿ ಸುಂಯ್ ಅನ್ನುವುದು ಸಹಜ. ಅದು ಫೈಲಿನೊಳಗೇ ಇದೆ. ಯಾವ ಡ್ಯಾಕೂ ಅದನ್ನು ತೆಗೆಯುವುದಿಲ್ಲ, ತೆಗೆಯಲೂ ಬಾರದು.

ಹಂತ 2: ಔಟ್‌ಪುಟ್ ಇಂಪೀಡೆನ್ಸ್ ಅಳೆಯುವುದು

ಕಂಬಳಿ ಹೊದಿಸಿದಂತೆ ಅನ್ನಿಸುವುದರ ಗುಟ್ಟು ಇಲ್ಲಿದೆ. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜಾಹೀರಾತುಗಳಲ್ಲಿ ಇದರ ಮಾತೇ ಬರುವುದಿಲ್ಲ.

ಹೆಡ್‌ಫೋನ್ ತೂತಿನ ಒಳಗೆ ಒಂದು ಸಣ್ಣ ತಡೆ ಕೂತಿದೆ ಅಂತ ತಿಳಿಯಿರಿ. ತೋಟದ ಪೈಪಿನ ಬಾಯಿಯ ಹತ್ತಿರ ಕಾಲಿಟ್ಟ ಹಾಗೆ. ಆಂಪ್ಲಿಫೈಯರ್ ಕೊಟ್ಟ ವೋಲ್ಟೇಜ್ ಈ ತಡೆಗೂ ನಿಮ್ಮ ಇಯರ್‌ಫೋನಿಗೂ ಹಂಚಿಹೋಗುತ್ತದೆ. ಇಯರ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಸಮ ಇದ್ದರೆ ತೊಂದರೆಯಿಲ್ಲ. ಸದ್ದು ಸ್ವಲ್ಪ ಕಡಿಮೆಯಾಗುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ, ಮುಗಿಯಿತು. ಆದರೆ ಒಳಗೆ ಸದ್ದು ಹೊರಡಿಸುವ ಎರಡು ಮೂರು ಸಣ್ಣ ಡ್ರೈವರ್ ಇಟ್ಟ ಇಯರ್‌ಫೋನುಗಳಲ್ಲಿ ಇಂಪೀಡೆನ್ಸ್ ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ. ಎಲ್ಲಿ ಅದು ಕೆಳಗಿಳಿಯುತ್ತದೋ ಅಲ್ಲಿ ವೋಲ್ಟೇಜಿನ ದೊಡ್ಡ ಪಾಲನ್ನು ಆ ತಡೆಯೇ ತಿಂದುಬಿಡುತ್ತದೆ.

ಅಳೆಯುವುದು ಹೀಗೆ. ಆಕ್ಸ್ ಕೇಬಲ್ ಕತ್ತರಿಸಿ ತಂತಿ ಬಿಚ್ಚಿ. ಜ್ಯಾಕಿನ ತುದಿಗೆ ಹೋಗುವುದು ಎಡಗಡೆಯ ತಂತಿ, ಬುಡಕ್ಕೆ ಹೋಗುವುದು ನೆಲ, ಅಂದರೆ ಗ್ರೌಂಡ್ ತಂತಿ. ಯಾವುದು ಯಾವುದು ಅಂತ ಮಲ್ಟಿಮೀಟರಿನ ಬೀಪ್‌ನಲ್ಲಿ ನೋಡಿಕೊಳ್ಳಿ. ಆಮೇಲೆ 100 ಹರ್ಟ್ಸ್‌ನ ಒಂದು ಸ್ವರ ಮಾಡಿಕೊಳ್ಳಿ.

```
ffmpeg -f lavfi -i sine=frequency=100:sample_rate=44100 -af volume=7 -t 120 tone100.wav
```

ಆ `volume=7` ಬಿಡಬೇಡಿ. ಈ ಕಮಾಂಡ್ ತಾನಾಗಿ ಮಾಡುವ ಸ್ವರ ಪೂರ್ತಿ ಎತ್ತರದ ಎಂಟನೇ ಒಂದು ಭಾಗ ಮಾತ್ರ. ಅಷ್ಟು ಸಣ್ಣ ವೋಲ್ಟೇಜನ್ನು ಅಗ್ಗದ ಮೀಟರ್ ಸರಿಯಾಗಿ ಓದುವುದಿಲ್ಲ. 1000 ಹರ್ಟ್ಸ್ ಬದಲು 100 ಇಟ್ಟಿರುವುದೂ ಅದಕ್ಕೇ, ಅಗ್ಗದ ಮೀಟರುಗಳು ಎಸಿ ಓದುವಾಗ ಕೆಲವು ನೂರು ಹರ್ಟ್ಸ್ ದಾಟಿದರೆ ತಪ್ಪಲು ಶುರು ಮಾಡುತ್ತವೆ. ಮೀಟರಿನಲ್ಲಿ 2 ವೋಲ್ಟ್ ಎಸಿ ಅಥವಾ ಅಷ್ಟು ಸಣ್ಣ ರೇಂಜ್ ಇರಬೇಕು. 200 ವೋಲ್ಟಿನಿಂದಲೇ ಶುರುವಾಗುವ ಮೀಟರ್ ಇದಕ್ಕೆ ಆಗುವುದಿಲ್ಲ. ಈ ಸ್ವರ ಓಡುತ್ತಿರುವಾಗ ಇಯರ್‌ಫೋನ್ ಕಿವಿಗೆ ಹಾಕಬೇಡಿ, ತುಂಬಾ ಜೋರಾಗಿರುತ್ತದೆ.

ವಾಲ್ಯೂಮ್ ಪೂರ್ತಿ ಇಟ್ಟು ಎರಡು ತಂತಿಗಳ ನಡುವೆ ವೋಲ್ಟೇಜ್ ಓದಿ, ಬರೆದಿಡಿ. ಆಮೇಲೆ ವಾಲ್ಯೂಮ್ ಮುಟ್ಟದೆ ಅದೇ ಎರಡು ತಂತಿಗಳ ನಡುವೆ 33 ಓಮಿನ ರೆಸಿಸ್ಟರ್ ಇಟ್ಟು ಮತ್ತೆ ಓದಿ. ನಮಗೆ ಮೊದಲು ಬಂದದ್ದು 0.80 ವೋಲ್ಟ್. ರೆಸಿಸ್ಟರ್ ಇಟ್ಟಮೇಲೆ 0.60ಕ್ಕೆ ಇಳಿಯಿತು.

```
33 × (0.80 ÷ 0.60 − 1) = 11
```

ಆ ಲ್ಯಾಪ್‌ಟಾಪಿನ ಔಟ್‌ಪುಟ್ ಇಂಪೀಡೆನ್ಸ್ 11 ಓಮ್. ಹುಡುಗನ ಇಯರ್‌ಫೋನ್ ಮಂದ್ರದ ಕಡೆ ಸುಮಾರು 40 ಓಮ್ ಇದ್ದು, ತಂತಿಯ ಮೇಲೆ ಕಮಾನು ಉಜ್ಜುವ ಹೊಳಪು ಇರುತ್ತದಲ್ಲ, ಆ ಎತ್ತರದ ಕಡೆ 8 ಓಮಿಗೆ ಇಳಿಯುತ್ತದೆ. ಈಗ ಲೆಕ್ಕ ಹಾಕಿ. ಮಂದ್ರಕ್ಕೆ 51ರಲ್ಲಿ 40 ಪಾಲು ವೋಲ್ಟೇಜ್ ಸಿಗುತ್ತದೆ. ಎತ್ತರದ ಕಡೆಗೆ 19ರಲ್ಲಿ 8 ಪಾಲು ಮಾತ್ರ. ಡೆಸಿಬೆಲ್‌ನಲ್ಲಿ ಹೇಳಿದರೆ ಮಂದ್ರಕ್ಕಿಂತ ಮೇಲಿನ ಹೊಳಪು 5 ಡೆಸಿಬೆಲ್‌ಗೂ ಜಾಸ್ತಿ ಕುಗ್ಗಿದೆ. ಇದು ಭ್ರಮೆಯಲ್ಲ. ಟ್ರೆಬಲ್ ಗುಂಡಿಯನ್ನು ಯಾರೋ ಚೆನ್ನಾಗಿ ಇಳಿಸಿಟ್ಟ ಹಾಗೆಯೇ. ಹುಡುಗನ ಕಿವಿ ಸರಿಯಾಗಿಯೇ ಹೇಳಿತ್ತು.

ಅದೇ ತಡೆ 1 ಓಮ್ ಇದ್ದಿದ್ದರೆ ಈ ವ್ಯತ್ಯಾಸ 1 ಡೆಸಿಬೆಲ್ ಒಳಗೇ ಇರುತ್ತಿತ್ತು. ಬಳಕೆಯಲ್ಲಿರುವ ನಿಯಮ ಏನೆಂದರೆ ಔಟ್‌ಪುಟ್ ಇಂಪೀಡೆನ್ಸ್ ನಿಮ್ಮ ಇಯರ್‌ಫೋನಿನ ಇಂಪೀಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. 16 ಓಮಿನ ಇಯರ್‌ಫೋನಿಗೆ 2 ಓಮ್ ಒಳಗೆ. ಹೀಗೆ ಏರಿಳಿಯುವ ಇಯರ್‌ಫೋನಾದರೆ ಪೆಟ್ಟಿಗೆ ಮೇಲಿನ ಒಂದು ಅಂಕಿ ಸಾಲದು, ಅದು ಅತಿ ಕೆಳಗೆ ಎಷ್ಟಕ್ಕೆ ಇಳಿಯುತ್ತದೆ ಅನ್ನುವುದನ್ನು ಹಿಡಿದು ಲೆಕ್ಕ ಹಾಕಿ. ಒಂದೇ ಡ್ರೈವರಿನ ಸಾದಾ 32 ಓಮಿನ ಇಯರ್‌ಫೋನ್ ಇದ್ದವರಿಗೆ 11 ಓಮಿನ ತೂತಿನಲ್ಲೂ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಈ ನಷ್ಟವನ್ನು ಈಕ್ವಲೈಜರ್ ಹಾಕಿ ಎತ್ತರದ ಕಡೆ ಏರಿಸಿ ಬಹುಪಾಲು ತುಂಬಬಹುದು, ಪುಕ್ಕಟೆ. ಗಲಾಟೆಯ ತೊಂದರೆ ಇಲ್ಲದವರು ಮೊದಲು ಅದನ್ನೇ ಮಾಡಿ ನೋಡಲಿ.

ಹಂತ 3: ಶಕ್ತಿ ಸಾಲುತ್ತಿದೆಯಾ?

ಇದಕ್ಕೆ ಅಳತೆಯೂ ಬೇಡ. ಅತಿ ಮೆಲ್ಲಗೆ ರೆಕಾರ್ಡ್ ಆದ ಒಂದು ಆಲಾಪನೆ ಹಾಕಿ. ವಾಲ್ಯೂಮ್ ನೂರಕ್ಕೆ ನೂರು ಇಟ್ಟರೂ ಇನ್ನಷ್ಟು ಬೇಕಿತ್ತು ಅನ್ನಿಸಿದರೆ ಮಾತ್ರ ನಿಮಗೆ ಶಕ್ತಿಯ ಕೊರತೆ ಇದೆ. ಅರವತ್ತಕ್ಕೇ ಸಾಕು ಅನ್ನಿಸಿದರೆ ಶಕ್ತಿಯ ಹೆಸರಲ್ಲಿ ಏನೂ ಕೊಳ್ಳಬೇಡಿ.

32 ಓಮ್ ಇದ್ದು 1 ಮಿಲಿವ್ಯಾಟಿಗೆ 100 ಡೆಸಿಬೆಲ್ ಕೊಡುವ ಇಯರ್‌ಫೋನಿಗೆ 1 ವೋಲ್ಟ್ ಕೊಟ್ಟರೆ 115 ಡೆಸಿಬೆಲ್ ಬರುತ್ತದೆ. ಅಷ್ಟು ಜೋರು ಕಿವಿಗೆ ಅಪಾಯ. ಅಂದರೆ ಸಾದಾ ತೂತೇ ಧಾರಾಳವಾಯಿತು. 300 ಓಮಿನ ದೊಡ್ಡ ಹೆಡ್‌ಫೋನುಗಳ ಕಥೆ ಬೇರೆ. 1 ವೋಲ್ಟಿಗೆ 97 ಡೆಸಿಬೆಲ್ ಕೊಡುವ ಹೆಡ್‌ಫೋನ್ ಅಂತಿಟ್ಟುಕೊಳ್ಳಿ, ಮೃದಂಗದ ತನಿಯಲ್ಲಿ ಬೀಳುವ ದೊಡ್ಡ ಪೆಟ್ಟುಗಳಿಗೆ ಅದು ಸಾಲದೆ ಹೋಗಬಹುದು. 2 ವೋಲ್ಟ್ ಕೊಡುವ ಡ್ಯಾಕ್ ತಂದರೆ 6 ಡೆಸಿಬೆಲ್ ಮೇಲಕ್ಕೆ ಹೋಗುತ್ತದೆ. ಬಹಳ ಜನಕ್ಕೆ ಅಲ್ಲಿಗೆ ಮುಗಿಯುತ್ತದೆ.

ಎಲ್ಲ ಲ್ಯಾಪ್‌ಟಾಪೂ ಒಂದೇ ಅಲ್ಲ. 2021ರಿಂದೀಚೆಗಿನ ಮ್ಯಾಕ್‌ಬುಕ್ ಪ್ರೊಗಳ ತೂತು ಸಿಕ್ಕಿಸಿದ ಹೆಡ್‌ಫೋನಿನ ಇಂಪೀಡೆನ್ಸ್ ನೋಡಿಕೊಂಡು, 150 ಓಮಿಗೆ ಮೇಲಿದ್ದರೆ 3 ವೋಲ್ಟ್‌ವರೆಗೂ ಕೊಡುತ್ತದೆ. ಅಂಥದ್ದು ಇಟ್ಟುಕೊಂಡು ಶಕ್ತಿಗಾಗಿ ಇನ್ನೊಂದು ಪೆಟ್ಟಿಗೆ ಹುಡುಕುವುದು ಬೇಕಿಲ್ಲ.

ಹಂತ 4: ಆರಿಸುವುದು

ಹುಡುಗನಿಗೆ ಇದ್ದ ತೊಂದರೆ ಎರಡು, ಕಿರಕಿರ ಮತ್ತು 11 ಓಮ್. ಶಕ್ತಿಯ ಕೊರತೆ ಇರಲಿಲ್ಲ. ಹಾಗಾಗಿ ಅವನಿಗೆ ಬೇಕಾದ್ದು ಬೆರಳುದ್ದದ ತಂತಿಯಂತಿರುವ ಸಣ್ಣ ಯುಎಸ್‌ಬಿ ಡ್ಯಾಕ್, ಡಾಂಗಲ್ ಅಂತಾರಲ್ಲ, ಅದು. ಹನ್ನೆರಡು ಸಾವಿರದ ಪೆಟ್ಟಿಗೆಯಲ್ಲಿ ಇನ್ನೂ ಜಾಸ್ತಿ ವೋಲ್ಟೇಜ್, ದೊಡ್ಡ ವಾಲ್ಯೂಮ್ ಗುಂಡಿ, ಬೇರೆ ಬೇರೆ ತೂತುಗಳು ಇರುತ್ತವೆ. ಅವು ಬೇಕಾದವರು ಕೊಳ್ಳಲಿ, ಅವನಿಗೆ ಬೇಕಿರಲಿಲ್ಲ.

ಕೊಳ್ಳುವಾಗ ಔಟ್‌ಪುಟ್ ಇಂಪೀಡೆನ್ಸ್ ಬರೆದಿದ್ದಾರಾ ನೋಡಿ, 1 ಓಮಿನ ಆಸುಪಾಸು ಇರಲಿ. ಎಷ್ಟು ವೋಲ್ಟ್ ಕೊಡುತ್ತದೆ ನೋಡಿ. ಮೈಕ್ ಬೇಕಿದ್ದರೆ ಅದು ಕೆಲಸ ಮಾಡುತ್ತದಾ ಕೇಳಿ, ಎಷ್ಟೋ ಡ್ಯಾಕುಗಳಲ್ಲಿ ಮೈಕ್ ಇರುವುದಿಲ್ಲ, ಆನ್‌ಲೈನ್ ಪಾಠದ ದಿನ ಗೊತ್ತಾದರೆ ಪೇಚಾಟ.

ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರುವ 32 ಬಿಟ್, 384 ಕಿಲೋಹರ್ಟ್ಸ್ ನೋಡಿ ಆರಿಸಬೇಡಿ. ಸಿಡಿಯ ಗುಣಮಟ್ಟ 16 ಬಿಟ್, 44.1 ಕಿಲೋಹರ್ಟ್ಸ್. ಅದರಲ್ಲಿ 22 ಕಿಲೋಹರ್ಟ್ಸ್‌ವರೆಗಿನ ಸ್ವರ ಹಿಡಿಯುತ್ತದೆ, ಮನುಷ್ಯನ ಕಿವಿಗೆ ಎಳೆ ವಯಸ್ಸಿನಲ್ಲೇ 20 ಕಿಲೋಹರ್ಟ್ಸ್‌ಗೆ ಮುಗಿಯಿತು. 16 ಬಿಟ್ಟಿನಲ್ಲಿ ಅತಿ ಜೋರಿಗೂ ಅತಿ ಮೆಲುವಿಗೂ ನಡುವೆ 96 ಡೆಸಿಬೆಲ್ ಜಾಗ ಇದೆ, ಫ್ಯಾನ್ ಆಫ್ ಮಾಡಿದ ನಮ್ಮ ಮಂಡ್ಯದ ಕೋಣೆಯಲ್ಲೂ ಅಷ್ಟು ಬಳಸಿಕೊಳ್ಳಲು ಆಗುವುದಿಲ್ಲ.

ಒಂದು ಮೋಸ ತಪ್ಪಿಸಿಕೊಳ್ಳಿ. ತೀರ ಅಗ್ಗದ ಯುಎಸ್‌ಬಿ-ಸಿ ಅಡಾಪ್ಟರುಗಳಲ್ಲಿ ಕೆಲವಕ್ಕೆ ಒಳಗೆ ಡ್ಯಾಕ್ ಚಿಪ್ಪೇ ಇರುವುದಿಲ್ಲ, ಬರೀ ತಂತಿ. ಕೆಲವು ಫೋನುಗಳು ತಮ್ಮ ಒಳಗಿನ ಚಿಪ್‌ನಿಂದ ಆ ಪೋರ್ಟಿಗೆ ಸದ್ದು ಕಳಿಸುತ್ತವೆ, ಅಂಥ ಫೋನಿಗೆ ಮಾತ್ರ ಅದು ಸರಿ. ಲ್ಯಾಪ್‌ಟಾಪಿಗೆ ಹಾಕಿದಾಗ ವಿಂಡೋಸ್‌ನ `Settings > System > Sound` ಪಟ್ಟಿಯಲ್ಲಿ ಹೊಸ ಹೆಸರು ಬರದಿದ್ದರೆ, ಲಿನಕ್ಸ್‌ನಲ್ಲಿ `aplay -l` ಹೊಸ ಕಾರ್ಡ್ ತೋರಿಸದಿದ್ದರೆ, ಒಳಗೆ ಚಿಪ್ ಇಲ್ಲ ಅಂತ ಅನುಮಾನಿಸಿ ವಾಪಸ್ ಕೊಡಿ. ವಾಪಸ್ ತಗೊಳ್ಳುವ ಅಂಗಡಿಯಲ್ಲೇ ಕೊಳ್ಳಿ ಅನ್ನುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಡಾಂಗಲ್‌ಗೆ ಕರೆಂಟ್ ಬರುವುದು ಅದೇ ಲ್ಯಾಪ್‌ಟಾಪಿನಿಂದ, ಅಪರೂಪಕ್ಕೆ ಗಲಾಟೆ ಅದರೊಳಗೂ ನುಸುಳುತ್ತದೆ. ತಂದ ದಿನವೇ ಹಂತ 1ನ್ನು ಮತ್ತೆ ಮಾಡಿ.

ಹಂತ 5: ತಂದಮೇಲೆ ಹೋಲಿಸುವುದು

ವಿಂಡೋಸ್‌ನಲ್ಲಿ ಹೊಸ ಡ್ಯಾಕ್ ಆರಿಸಿ `Audio enhancements` ಅನ್ನು `Off` ಮಾಡಿ. ಹಳೇ ತೂತಿಗೂ ಅದನ್ನೇ ಮಾಡಿ, ಇಲ್ಲದಿದ್ದರೆ ನೀವು ಹೋಲಿಸುವುದು ಡ್ಯಾಕನ್ನಲ್ಲ, ಆ ಸಾಫ್ಟ್‌ವೇರನ್ನು.

ಆಮೇಲೆ ಜೋರು ಸರಿಸಮ ಮಾಡಿ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಒಂದೇ ಸಂಗೀತ ಒಂದು ಚೂರು ಜೋರಾಗಿದ್ದರೆ ನಮಗೆ ಅದು ಜೋರು ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ. ಹೊಸ ಡ್ಯಾಕ್ ಸಾಮಾನ್ಯವಾಗಿ ಸ್ವಲ್ಪ ಜೋರೇ ಇರುತ್ತದೆ. ಒಂದಕ್ಕೆರಡು ಸ್ಪ್ಲಿಟರ್ ಹಾಕಿ, ಹೆಡ್‌ಫೋನ್ ಒಂದು ಕಡೆ, ಮೀಟರ್ ಇನ್ನೊಂದು ಕಡೆ ಸಿಕ್ಕಿಸಿ, 100 ಹರ್ಟ್ಸ್ ಸ್ವರಕ್ಕೆ ಎರಡರಲ್ಲೂ ವೋಲ್ಟೇಜ್ ನೂರಕ್ಕೆ ಒಂದರಷ್ಟು ಹತ್ತಿರ ಬರುವಂತೆ ವಾಲ್ಯೂಮ್ ಇಡಿ. ಒಂದರಲ್ಲಿ 0.300 ಇದ್ದರೆ ಇನ್ನೊಂದರಲ್ಲಿ 0.297ರಿಂದ 0.303.

ಈಗ ಮನೆಯವರಲ್ಲಿ ಒಬ್ಬರು ನಿಮಗೆ ಕಾಣದ ಹಾಗೆ ಬದಲಾಯಿಸಲಿ, ನೀವು ಯಾವುದು ಅಂತ ಹೇಳಿ. ನಾಣ್ಯ ಚಿಮ್ಮಿ ತೀರ್ಮಾನಿಸಲಿ, ಅವರ ಇಷ್ಟದಂತಲ್ಲ. 16 ಸಲ ಮಾಡಿ. 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಬಂದರೆ ವ್ಯತ್ಯಾಸ ಕೇಳುತ್ತಿದೆ ಅನ್ನಬಹುದು, ಸುಮ್ನೆ ಊಹೆಯಲ್ಲಿ ಅಷ್ಟು ಬರುವ ಸಾಧ್ಯತೆ ನೂರಕ್ಕೆ 4ಕ್ಕಿಂತ ಕಡಿಮೆ.

ಅಕ್ಕ ಕಾಫಿ ಲೋಟ ಪಕ್ಕಕ್ಕಿಟ್ಟು ನಾಣ್ಯ ಚಿಮ್ಮಿದಳು. ಹುಡುಗ ತನ್ನ ಇಯರ್‌ಫೋನಿನಲ್ಲಿ ಹದಿನಾರಕ್ಕೆ ಹದಿನಾರೂ ಸರಿ ಹೇಳಿದ. ಹೇಳಲೇಬೇಕು, ಹೊಸ ಡಾಂಗಲ್ ಅಳೆದಾಗ 0.98 ವೋಲ್ಟ್ ರೆಸಿಸ್ಟರ್ ಇಟ್ಟಮೇಲೆ 0.95 ಆಗಿತ್ತು, ಅಂದರೆ 1 ಓಮ್. 11ರಿಂದ 1ಕ್ಕೆ ಬಂದಿತ್ತು. ಆಮೇಲೆ ನಾನು ನನ್ನ ಸಾದಾ 32 ಓಮಿನ ಹೆಡ್‌ಫೋನ್ ಹಾಕಿಕೊಂಡೆ. ಚಾರ್ಜರ್ ತೆಗೆದಿದ್ದೆವು, ಕಿರಕಿರ ನನ್ನ ಹೆಡ್‌ಫೋನಿನಲ್ಲಿ ಕೇಳುತ್ತಲೂ ಇರಲಿಲ್ಲ. ನನಗೆ ಸರಿ ಬಂದದ್ದು 9. ಲ್ಯಾಪ್‌ಟಾಪ್ ಅದೇ, ಡಾಂಗಲ್ ಅದೇ, ರಾಗವೂ ಅದೇ. ಅವನಿಗೆ ಹಗಲು ರಾತ್ರಿಯ ವ್ಯತ್ಯಾಸ, ನನಗೆ ಏನೂ ಇಲ್ಲ. ಬೇರೆಯವರ ಮಾತು ನಂಬಿ ಕೊಳ್ಳಬೇಡಿ ಅಂತ ನಾನು ಹೇಳುವುದು ಇದಕ್ಕೇ, ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ಸ್ಪೀಕರಿಗೆ ಹಾಕಿದಾಗ ಮತ್ತೆ ಗುಂಯ್ ಬಂದರೆ

ಮಾರನೇ ದಿನ ಮೈಸೂರಿಗೆ ವಾಪಸ್ ಬಂದಿದ್ದೆ, ಹುಡುಗನ ಫೋನ್. "ಮಾವ, ಡ್ಯಾಕ್‌ನಿಂದ ಹಾಲಿನ ಸ್ಪೀಕರಿಗೆ ಹಾಕಿದೆ, ಮತ್ತೆ ಗುಂಯ್ ಅಂತಿದೆ!"

ಇದು ಬೇರೆ ರೋಗ. ಹೆಡ್‌ಫೋನ್ ಕರೆಂಟಿನ ಸಾಕೆಟ್ಟಿಗೆ ತಾಗಿರುವುದಿಲ್ಲ, ಸ್ಪೀಕರ್ ತಾಗಿರುತ್ತದೆ. ಲ್ಯಾಪ್‌ಟಾಪ್ ಒಂದು ಸಾಕೆಟ್, ಸ್ಪೀಕರ್ ಇನ್ನೊಂದು ಸಾಕೆಟ್, ಎರಡರ ನೆಲವೂ ಗೋಡೆಯೊಳಗೊಮ್ಮೆ, ಆಡಿಯೋ ಕೇಬಲಿನಲ್ಲೊಮ್ಮೆ ಕೂಡಿಕೊಂಡು ಒಂದು ಸುತ್ತು ಆಗುತ್ತದೆ. ಆ ಸುತ್ತಿನಲ್ಲಿ ಹರಿಯುವುದೇ ಗುಂಯ್. ಯುಎಸ್‌ಬಿ ಡ್ಯಾಕ್ ಇದನ್ನು ಕಡಿಯುವುದಿಲ್ಲ, ಯುಎಸ್‌ಬಿ ತಂತಿಯಲ್ಲೂ ನೆಲದ ಎಳೆ ಇದೆ. ಪತ್ತೆ ಸುಲಭ, ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಗುಂಯ್ ಪೂರ್ತಿ ನಿಂತರೆ ಇದೇ.

ಅದಕ್ಕೆಂದು ಚಾರ್ಜರಿನ ಅರ್ಥ್ ಪಿನ್ ಕತ್ತರಿಸಬೇಡಿ, ಜೀವಕ್ಕೆ ಅಪಾಯ. ಮೊದಲು ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಆಡಿಯೋ ಕೇಬಲಿನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ, ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ, ಅಗ್ಗದ್ದಾದರೆ ಮಂದ್ರ ಸ್ವಲ್ಪ ಕೆಡಬಹುದು. ಸ್ಪೀಕರಿನಲ್ಲಿ ಆಪ್ಟಿಕಲ್ ತೂತು ಇದ್ದರೆ ಆಪ್ಟಿಕಲ್ ಔಟ್ ಇರುವ ಡ್ಯಾಕ್ ತಗೊಳ್ಳಿ, ಬೆಳಕಿನ ತಂತಿಯಲ್ಲಿ ನೆಲವೇ ಇಲ್ಲ, ಗುಂಯ್ ಬರಲು ದಾರಿಯಿಲ್ಲ. ಅಕ್ಕನ ಮನೆಯಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಎರಡನ್ನೂ ಒಂದೇ ಮೂರು ಪಿನ್ನಿನ ಬೋರ್ಡಿಗೆ ಹಾಕಿದ, ಫೋನನ್ನು ಸ್ಪೀಕರಿನ ಹತ್ತಿರ ಹಿಡಿದ, ತಂಬೂರಿಯೊಂದೇ ಕೇಳುತ್ತಿತ್ತು.